ಇಂಜಿನ್‌ನಿಂದ ಏಳನೇ ಬೋಗಿ, ಕಾಸರಗೋಡಿಗೆ ಬರುವಾಗ ಹದಿನಾರನೆಯದು

ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಮಂಗಳೂರು ಸೆಂಟ್ರಲ್ ಮುಟ್ಟಿ, ಅಲ್ಲಿಂದ ಕಾಸರಗೋಡು, ಕಾಞಂಗಾಡು ದಾಟಿ ಕಣ್ಣೂರಿಗೆ ಹೋಗುವ ರೈಲು 16511. ಸಂಜೆ ಕಣ್ಣೂರಿನಿಂದ ಹೊರಟು ಅದೇ ದಾರಿಯಲ್ಲಿ ಬೆಂಗಳೂರಿಗೆ ಮರಳುವುದು 16512. ಗಡಿನಾಡಿನ ಕನ್ನಡಿಗರಿಗೆ ಬೆಂಗಳೂರಿನ ನಂಟು ಉಳಿಸಿಕೊಟ್ಟ ರೈಲು ಇದು. ಬೋಗಿ ಹುಡುಕುವ ವಿಷಯದಲ್ಲಿ ಅತಿ ಹೆಚ್ಚು ಜನರನ್ನು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಿಸುವ ರೈಲೂ ಇದೇ. ಅದಕ್ಕೆ ಕಾರಣ ಸೆಂಟ್ರಲ್ ನಿಲ್ದಾಣದಲ್ಲಿ ಇಂಜಿನ್ ಒಂದು ತುದಿಯಿಂದ ಬಿಚ್ಚಿಕೊಂಡು ಇನ್ನೊಂದು ತುದಿಗೆ ಸೇರುವುದು.

ಇಲ್ಲಿ ಎತ್ತಿಕೊಂಡಿರುವ ಪ್ರಕರಣ ಒಂದೇ ಪ್ರಯಾಣದ್ದು: ಅರುವತ್ತು ದಾಟಿದ ಒಬ್ಬರು ಅಕ್ಕ ಬೆಂಗಳೂರಿನಿಂದ ಒಬ್ಬರೇ ಬರುತ್ತಾರೆ, ಅವರನ್ನು ಇಳಿಸಿಕೊಳ್ಳಲು ತಮ್ಮ ಕಾಸರಗೋಡು ನಿಲ್ದಾಣದಲ್ಲಿ ನಿಂತಿರುತ್ತಾನೆ. ಒಂದು ವಾರ ಬಿಟ್ಟು ಅದೇ ಅಕ್ಕನನ್ನು ಹತ್ತಿಸಿ ಕಳಿಸುತ್ತಾನೆ. ಎರಡೂ ಸಲ ತಪ್ಪಾಗುತ್ತದೆ. ಎರಡು ತಪ್ಪುಗಳೂ ಬೇರೆ ಬೇರೆ ಕಂಡರೂ ಬೇರು ಒಂದೇ.

ಲೆಕ್ಕಕ್ಕೆ 22 ಬೋಗಿಗಳ ಒಂದು ಮಾದರಿ ಜೋಡಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಇಂಜಿನ್ ಹಿಂದೆ ಮೊದಲನೆಯದು ಲಗೇಜ್ ಮತ್ತು ಗಾರ್ಡ್ ಇರುವ SLR, ಎರಡು ಮತ್ತು ಮೂರನೆಯದು ಜನರಲ್, 4ರಿಂದ 12ರವರೆಗೆ ಸ್ಲೀಪರ್ S1ರಿಂದ S9, 13ರಿಂದ 17ರವರೆಗೆ ಎಸಿ ತ್ರೀ ಟಯರ್ B1ರಿಂದ B5, ಆಮೇಲೆ A1, A2, ಮತ್ತೆ ಎರಡು ಜನರಲ್, ಕೊನೆಗೆ 22ನೆಯದಾಗಿ ಇನ್ನೊಂದು SLR. ನಿಜವಾದ ರೈಲಿನಲ್ಲಿ ಬೋಗಿಗಳ ಸಂಖ್ಯೆಯೂ ಕ್ರಮವೂ ಕಾಲಕಾಲಕ್ಕೆ ಬದಲಾಗುತ್ತವೆ. ಆದರೆ ಲೆಕ್ಕ ಮಾಡುವ ರೀತಿ ಬದಲಾಗುವುದಿಲ್ಲ. ಅಕ್ಕನ ಬೋಗಿ S4, ಅಂದರೆ ಇಂಜಿನ್‌ನಿಂದ ಏಳನೆಯದು.

ಬೆಳಗಿನ ರೈಲು

ರೈಲು ಮಂಗಳೂರು ಹತ್ತಿರ ಬಂದಾಗ ಫೋನಿನಲ್ಲಿ ನಡೆದ ಮಾತು ಇಷ್ಟೇ.

"ಅಕ್ಕಾ, ಬೋಗಿ ಎಲ್ಲಿ ಬರ್ತದೆ?"

"ಇಂಜಿನ್‌ನಿಂದ ಏಳನೇದು ಮಾರಾಯ. ನಿನ್ನೆ ಹತ್ತುವಾಗ ಎಣಿಸಿದ್ದೇನೆ. ಮುಂದೆಯೇ ನಿಂತುಕೋ, ಎರಡು ಬ್ಯಾಗ್ ಉಂಟು."

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ತಮ್ಮನೂ ಬುದ್ಧಿವಂತನೇ. ಮೊಬೈಲಿನಲ್ಲಿ ಬೋಗಿಗಳ ಪಟ್ಟಿ ತೆಗೆದು ನೋಡಿದ. ಅದು ರೈಲು ಹೊರಡುವ ನಿಲ್ದಾಣದ ಪಟ್ಟಿ, ಅಲ್ಲಿಯೂ S4 ಏಳನೆಯದೇ. ಎರಡು ಕಡೆಯಿಂದ ಒಂದೇ ಉತ್ತರ ಸಿಕ್ಕಿದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ರೈಲು ಉತ್ತರದ ಕುಂಬಳೆ ಕಡೆಯಿಂದ ಬರುತ್ತದೆ, ಇಂಜಿನ್ ದಕ್ಷಿಣದ ಹೊಸದುರ್ಗದ, ಅಂದರೆ ಕಾಞಂಗಾಡಿನ ಕಡೆ ಹೋಗಿ ನಿಲ್ಲುತ್ತದೆ. ಹಾಗಾಗಿ ಆತ ಆ ಕಡೆಯಿಂದ ಏಳು ಬೋಗಿ ಅಳೆದು ನಿಂತ. ರೈಲು ನಿಂತಾಗ ಎದುರಿಗಿದ್ದದ್ದು B4. S4 ಇದ್ದದ್ದು ಹದಿನಾರನೇ ಜಾಗದಲ್ಲಿ, ಒಂಬತ್ತು ಬೋಗಿ ಹಿಂದೆ.

ಒಂಬತ್ತು ಬೋಗಿ ಅಂದರೆ ಎಷ್ಟು ದೂರ ಎಂಬುದನ್ನು ಒಮ್ಮೆ ಅಳೆದು ನೋಡಬೇಕು. ಈಗಿನ ಎಲ್‌ಎಚ್‌ಬಿ ಬೋಗಿ ಒಂದೊಂದೂ ಸುಮಾರು 24 ಮೀಟರ್ ಉದ್ದ. ಒಂಬತ್ತಕ್ಕೆ 216 ಮೀಟರ್. ಜನರ ನಡುವೆ ಬಿರುಸಾಗಿ ನಡೆದರೂ ಸೆಕೆಂಡಿಗೆ 1.2 ಮೀಟರ್ ದಾಟುವುದು ಕಷ್ಟ. ಹಾಗೆ ನಡೆದರೆ ಮೂರು ನಿಮಿಷ ಬೇಕು. ರೈಲು ನಿಲ್ಲುವುದು ಎರಡು ನಿಮಿಷ. ಓಡಿದರೂ, ತಮ್ಮ ತಲುಪುವ ಹೊತ್ತಿಗೆ ಅಕ್ಕ ಬ್ಯಾಗುಗಳನ್ನು ತಾವೇ ಬಾಗಿಲಿಗೆ ಎಳೆದು, ಯಾರೋ ಸಹಪ್ರಯಾಣಿಕರ ಕೈಯಲ್ಲಿ ಕೆಳಗಿಳಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಿತ್ತು. ಮೊಣಕಾಲು ನೋವಿರುವವರಿಗೆ, ಮಕ್ಕಳನ್ನು ಎತ್ತಿಕೊಂಡವರಿಗೆ ಈ ಎರಡು ನಿಮಿಷ ನಿಜವಾಗಿಯೂ ಭಯದ ಹೊತ್ತು.

ಸೆಂಟ್ರಲ್‌ನಲ್ಲಿ ಏನಾಗುತ್ತದೆ

ಮಂಗಳೂರಿನ ಹಳಿಗಳ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ದಕ್ಷಿಣದಿಂದ ಕಾಸರಗೋಡು, ಉಳ್ಳಾಲ ದಾಟಿ ನೇತ್ರಾವತಿ ಸೇತುವೆ ಹತ್ತಿ ಬರುವ ಹಳಿ ಒಂದು. ಘಟ್ಟ ಇಳಿದು ಪುತ್ತೂರು, ಬಂಟ್ವಾಳದ ಮೇಲೆ ಮಂಗಳೂರು ಜಂಕ್ಷನ್‌ಗೆ ಬರುವ ಹಳಿ ಇನ್ನೊಂದು. ಇವೆರಡೂ ಸೇತುವೆಯ ಉತ್ತರಕ್ಕೆ ಹತ್ತಿರ ಬರುತ್ತವೆ. ಅಲ್ಲಿಂದ ಊರಿನ ಒಳಕ್ಕೆ, ಸೆಂಟ್ರಲ್‌ಗೆ, ಮೂರನೆಯ ಕವಲು ಹೋಗುತ್ತದೆ. ಕವಣೆ ಕೋಲಿನ ಆಕಾರ ನೆನಪಿಸಿಕೊಳ್ಳಿ: ಎರಡು ಕವಲು ಹೊರಗಿನ ಊರುಗಳಿಗೆ, ಹಿಡಿಯ ತುದಿಯಲ್ಲಿ ಸೆಂಟ್ರಲ್. ಪ್ರಯಾಣಿಕರ ರೈಲಿಗೆ ಸೆಂಟ್ರಲ್‌ನಿಂದ ಮುಂದೆ ದಾರಿ ಇಲ್ಲ. ಒಳಗೆ ಹೋದ ರೈಲು ಬಂದ ಕಡೆಗೇ ಹೊರಡಬೇಕು.

ಹೀಗಾಗಿರುವುದು ಊರಿನ ಇತಿಹಾಸದಿಂದ. ಮದ್ರಾಸ್ ಕಡೆಯ ಹಳಿ ಮಲಬಾರಿನ ಮೇಲೆ ಮಂಗಳೂರು ಮುಟ್ಟಿದ್ದು 1907ರಲ್ಲಿ. ಆಗ ಇದು ದಕ್ಷಿಣದಿಂದ ಬರುವ ರೈಲಿನ ಕೊನೆಯ ನಿಲ್ದಾಣ, ಮುಂದಕ್ಕೆ ದಾರಿ ಬೇಕಿರಲಿಲ್ಲ. ಹಾಸನದ ಹಳಿ ಬಂದದ್ದು 1979ರಲ್ಲಿ, ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ. ಆಮೇಲೆ ಬಂದ ಹಳಿಗಳು ಊರ ಹೊರಗಿನ ಜಂಕ್ಷನ್‌ಗೆ ಸೇರಿದವು, ಸೆಂಟ್ರಲ್ ಮಾತ್ರ ತುದಿಯಾಗಿಯೇ ಉಳಿಯಿತು. ಕೇರಳದಿಂದ ಕೊಂಕಣದ ಕಡೆ ಹೋಗುವ ನೇತ್ರಾವತಿ, ಮಂಗಳಾ ರೈಲುಗಳು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಲ್ಲಿ ಮಾತ್ರ ನಿಂತು ಮುಂದೆ ಸಾಗುತ್ತವೆ. ಅವುಗಳ ಬೋಗಿ ಕ್ರಮ ಮಂಗಳೂರಿನಲ್ಲಿ ತಿರುಗುವುದಿಲ್ಲ. ಪೇಟೆಯ ನಡುವಿನ ಸೆಂಟ್ರಲ್ ಮುಟ್ಟಿಯೇ ಹೋಗುವ ಕಣ್ಣೂರು ರೈಲಿನ ಕ್ರಮ ತಿರುಗುತ್ತದೆ.

ಬೆಂಗಳೂರಿನಿಂದ ಬಂದ ರೈಲು ಸೆಂಟ್ರಲ್‌ನಲ್ಲಿ ನಿಂತ ಮೇಲೆ ಮೊದಲು ಇಂಜಿನ್ ಮತ್ತು ಮೊದಲ ಬೋಗಿಯ ನಡುವಿನ ಗಾಳಿ ಪೈಪುಗಳನ್ನು, ಕಪ್ಲಿಂಗನ್ನು ಬಿಚ್ಚುತ್ತಾರೆ. ಅದೇ ಇಂಜಿನ್ ಪಕ್ಕದ ಹಳಿಯಲ್ಲಿ ಸುತ್ತಿ ಇನ್ನೊಂದು ತುದಿಗೆ ಬರಬಹುದು, ಇಲ್ಲವೇ ಅಲ್ಲಿ ಬೇರೆ ಇಂಜಿನ್ ಕಾದಿರಬಹುದು. ಅದು ಸೇರಿದ ಮೇಲೆ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿಯಷ್ಟು ಗಾಳಿಯ ಒತ್ತಡ ತುಂಬಬೇಕು. ಕೊನೆಯ ಬೋಗಿಯವರೆಗೂ ಒತ್ತಡ ಮುಟ್ಟಿದೆಯೇ, ಬ್ರೇಕ್ ಹಿಡಿದು ಬಿಡುತ್ತದೆಯೇ ಎಂದು ನೋಡಬೇಕು. ಗಾರ್ಡ್ ತಮ್ಮ ಪೆಟ್ಟಿಗೆ ಸಮೇತ ಇಷ್ಟು ಹೊತ್ತು ಮುಂದಿದ್ದ SLR ಬೋಗಿಗೆ ಬರುತ್ತಾರೆ. ಕೊನೆಯ ಬೋಗಿ ಎಂದು ತೋರಿಸುವ LV ಫಲಕವೂ ಕೆಂಪು ದೀಪವೂ ಈಗ ಆ ತುದಿಗೆ ಬರುತ್ತವೆ. ಇಷ್ಟಾಗಲು ಸಮಯ ಬೇಕು. ಆ ನಿಲ್ದಾಣದಲ್ಲಿ ರೈಲು ಸುಮ್ಮನೆ ನಿಂತಂತೆ ಅನಿಸುವುದು ಅದಕ್ಕೇ.

ಇಷ್ಟೆಲ್ಲ ನಡೆಯುವಾಗ 22 ಬೋಗಿಗಳಲ್ಲಿ ಒಂದೂ ಜಾಗ ಬದಲಿಸಿಲ್ಲ ಎಂಬುದನ್ನು ಗಮನಿಸಬೇಕು. S3ರ ಪಕ್ಕ S4, ಅದರ ಪಕ್ಕ S5 ಹಾಗೆಯೇ ಇವೆ. ಬದಲಾದದ್ದು ಎಣಿಕೆ ಎಲ್ಲಿಂದ ಶುರು ಎಂಬುದಷ್ಟೇ. ಒಳಗಿದ್ದವರಿಗೆ ಇದರ ಗುರುತು ಸಿಗುತ್ತದೆ. ರಾತ್ರಿಯಿಡೀ ಮುಖ ಮುಂದೆ ಮಾಡಿ ಕೂತಿದ್ದ ಸೀಟಿನಲ್ಲೇ ಸೆಂಟ್ರಲ್ ಬಿಟ್ಟ ಮೇಲೆ ಬೆನ್ನು ಮುಂದಾಗಿ ಸಾಗುತ್ತಾರೆ. ನೇತ್ರಾವತಿ ಸೇತುವೆಯ ಮೇಲೆ ನದಿ ಹಿಂದಿನಿಂದ ಮುಂದಕ್ಕೆ ಜಾರುವಂತೆ ಕಾಣುತ್ತದೆ. ಅಕ್ಕ ಆಗ ಒಂದು ಫೋನ್ ಮಾಡಿ "ರೈಲು ಈಗ ಹಿಂದೆ ಮುಂದೆ ಆಯ್ತು" ಎಂದಿದ್ದರೂ ಸಾಕಿತ್ತು.

ತಿರುಗಿದ ಮೇಲಿನ ಸ್ಥಾನ ಕಂಡುಕೊಳ್ಳುವುದು ಸುಲಭ. ಒಟ್ಟು ಬೋಗಿಗೆ ಒಂದು ಕೂಡಿಸಿ, ಹಳೆಯ ಸ್ಥಾನ ಕಳೆಯಬೇಕು. 22ಕ್ಕೆ ಒಂದು ಕೂಡಿಸಿ 23, ಅದರಲ್ಲಿ 7 ಕಳೆದರೆ 16. ಇದರಲ್ಲಿ ಆಗುವ ತಪ್ಪು ಒಂದೇ: ಕೆಲವು ಪಟ್ಟಿಗಳು ಇಂಜಿನ್ ಅನ್ನೇ ಒಂದನೆಯದೆಂದು ಎಣಿಸುತ್ತವೆ. ಆಗ S4 ಎಂಟನೆಯದಾಗಿ ಕಾಣುತ್ತದೆ, ಲೆಕ್ಕ ಒಂದು ಬೋಗಿ ಜಾರುತ್ತದೆ. ಪಟ್ಟಿಯ ಮೊದಲ ಚೌಕದಲ್ಲಿ ENG ಎಂದು ಇದ್ದರೆ ಅದನ್ನು ಬಿಟ್ಟು ಎಣಿಸಿ.

ನಡುವಿನ ಬೋಗಿಯವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಹನ್ನೊಂದನೆಯದು ಹನ್ನೆರಡನೆಯದಾಗುತ್ತದೆ, ಅಷ್ಟೇ. ಜನರಲ್ ಬೋಗಿಗಳು ಎರಡೂ ತುದಿಯಲ್ಲಿ ಇರುವುದರಿಂದ ಆ ಟಿಕೆಟಿನವರಿಗೂ ಚಿಂತೆ ಇಲ್ಲ. ಪೆಟ್ಟು ಬೀಳುವುದು ಮುಂಗಡ ಸೀಟು ಮಾಡಿಸಿದ, ತುದಿಗೆ ಹತ್ತಿರದ ಬೋಗಿಯವರಿಗೆ. S1 ನಾಲ್ಕರಿಂದ ಹತ್ತೊಂಬತ್ತಕ್ಕೆ ಹೋಗುತ್ತದೆ: 360 ಮೀಟರ್.

ಸಂಜೆಯ ರೈಲು

ವಾರದ ನಂತರ ಅಕ್ಕನನ್ನು 16512ಕ್ಕೆ ಹತ್ತಿಸಬೇಕು. ಟಿಕೆಟ್ ಈ ಸಲವೂ S4. ತಮ್ಮನಿಗೆ ಮೊದಲ ಸಲದ ಪಾಠ ಚೆನ್ನಾಗಿ ನೆನಪಿದೆ. "ಮೊನ್ನೆ ಹಿಂದೆ ಇತ್ತಲ್ಲ ಅಕ್ಕ, ಇವತ್ತು ಮೊದಲೇ ಹಿಂದೆ ಹೋಗಿ ನಿಲ್ಲುವ" ಎಂದು ಹೊಸದುರ್ಗದ ಕಡೆಯ ತುದಿಗೆ ಕರೆದುಕೊಂಡು ಹೋದ. ಸಂಜೆಯ ರೈಲು ಆ ಕಡೆಯಿಂದ ಬರುತ್ತದೆ, ಬಾಲ ಅಲ್ಲೇ ಇರುತ್ತದೆ. ರೈಲು ಬಂತು, S4 ಅವರ ಕಣ್ಣೆದುರೇ ದಾಟಿ ಕುಂಬಳೆ ಕಡೆಗೆ ಹೋಯಿತು. ಇಂಜಿನ್‌ನಿಂದ ಮತ್ತೆ ಏಳನೆಯದು.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ರೇಕಿನ, ಅಂದರೆ ಬೋಗಿಗಳ ಇಡೀ ಜೋಡಣೆಯ, ಸ್ಲೀಪರ್ ಇರುವ ತುದಿಯನ್ನು ಸ್ಲೀಪರ್ ತುದಿ ಎಂದೂ ಎಸಿ ಇರುವ ತುದಿಯನ್ನು ಎಸಿ ತುದಿ ಎಂದೂ ಕರೆಯೋಣ. ಬೆಂಗಳೂರಿನಿಂದ ಹೊರಡುವಾಗ ಸ್ಲೀಪರ್ ತುದಿ ಮುಂದೆ. ಅದೇ ತುದಿ ಮುಂದಾಗಿ ಸೆಂಟ್ರಲ್ ಒಳಗೆ ಹೋಗುತ್ತದೆ, ಕುರುಡು ತುದಿಯ ಕಡೆ ನಿಲ್ಲುತ್ತದೆ. ಹೊರಡುವಾಗ ಎಸಿ ತುದಿ ಮುಂದೆ. ಕಾಸರಗೋಡಿಗೆ ಬರುವುದೂ ಎಸಿ ತುದಿ ಮುಂದಾಗಿ. ಅಂದರೆ ಸ್ಲೀಪರ್ ತುದಿ ಕುಂಬಳೆ ಕಡೆ, ಮಂಗಳೂರಿನ ಕಡೆ ಉಳಿಯಿತು. ಕಣ್ಣೂರಿನಲ್ಲಿ ಅದೇ ರೇಕ್ ತಿರುಗಿ ಹೊರಡುವಾಗ ಸ್ಲೀಪರ್ ತುದಿ ಮುಂದೆ. ಕಾಸರಗೋಡಿನಲ್ಲಿ ಸಂಜೆ ನಿಂತಾಗಲೂ ಸ್ಲೀಪರ್ ತುದಿ ಕುಂಬಳೆ ಕಡೆಯೇ. ಸೆಂಟ್ರಲ್‌ಗೆ ಸ್ಲೀಪರ್ ತುದಿ ಮುಂದಾಗಿ ಹೋಗುತ್ತದೆ, ಎಸಿ ತುದಿ ಮುಂದಾಗಿ ಹೊರಡುತ್ತದೆ, ಬೆಂಗಳೂರಿಗೆ ಎಸಿ ತುದಿ ಮೊದಲು ತಲುಪುತ್ತದೆ.

ಇದನ್ನು ನಿಲ್ದಾಣ ನಿಲ್ದಾಣವಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪುತ್ತೂರಿನಲ್ಲಿ, ಹಾಸನದಲ್ಲಿ, ಕಾಸರಗೋಡಿನಲ್ಲಿ, ಕಾಞಂಗಾಡಿನಲ್ಲಿ, ರೈಲು ಹೋಗುವಾಗಲೂ ಬರುವಾಗಲೂ, ಸ್ಲೀಪರ್ ತುದಿ ಮಂಗಳೂರಿನ ಕಡೆಗೇ ಮುಖ ಮಾಡಿರುತ್ತದೆ. ಇಂಜಿನ್ ಅತ್ತಿತ್ತ ಆಗುತ್ತದೆ, ಬಾಲ ಅತ್ತಿತ್ತ ಆಗುತ್ತದೆ, ಆದರೆ ಮಂಗಳೂರಿನ ಕಡೆಯ ತುದಿ ಮಂಗಳೂರಿನ ಕಡೆಗೇ. ದಾರಿಯಲ್ಲಿ ಒಂದೇ ಕಡೆ ತಿರುಗುವ ಎಲ್ಲ ರೈಲಿಗೂ ಇದು ನಿಜ: ರೇಕಿನ ಒಂದೇ ತುದಿ ಯಾವಾಗಲೂ ತಿರುಗುವ ನಿಲ್ದಾಣವನ್ನು ನೋಡುತ್ತಿರುತ್ತದೆ. ಎಲ್ಲೂ ತಿರುಗದ ರೈಲಿನಲ್ಲಿ ಒಂದೇ ತುದಿ ಯಾವಾಗಲೂ ದಾರಿಯ ಒಂದು ಕೊನೆಯ ಊರನ್ನು ನೋಡುತ್ತಿರುತ್ತದೆ. ವಿಶಾಖಪಟ್ಟಣದಲ್ಲಿ ಇಂಜಿನ್ ತುದಿ ಬದಲಿಸುವ ಚೆನ್ನೈ–ಹೌರಾ ದಾರಿಯ ರೈಲುಗಳಲ್ಲಿ ಹೋಗುವವರಿಗೂ ಇದೇ ಲೆಕ್ಕ.

ಆದ್ದರಿಂದ "ಇಂಜಿನ್‌ನಿಂದ ಏಳನೇದು" ಎಂಬ ಮಾತಿಗೆ ಅರ್ಥ ಬರಬೇಕಾದರೆ ಯಾವ ನಿಲ್ದಾಣ, ಯಾವ ದಿಕ್ಕಿನ ರೈಲು ಎಂದೂ ಹೇಳಬೇಕು. "ಮಂಗಳೂರು ಬದಿಯಿಂದ ಏಳನೇದು" ಎಂದರೆ ಎರಡನ್ನೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಕ್ಕ ಹಾಗೆ ಹೇಳಿದ್ದರೆ ತಮ್ಮ ಕುಂಬಳೆ ಕಡೆ ನಿಲ್ಲುತ್ತಿದ್ದ. ಸಂಜೆ ತಮ್ಮ ಹಾಗೆ ನೆನಪಿಟ್ಟುಕೊಂಡಿದ್ದರೆ ಅದೇ ಕಡೆಗೆ ಹೋಗುತ್ತಿದ್ದ.

ಬದಿ ಗಟ್ಟಿ ಎಂದ ಮಾತ್ರಕ್ಕೆ ಬೋಗಿ ನಿಲ್ಲುವ ಜಾಗ ಅದೇ ಕಂಬದ ಎದುರು ಎಂದು ತಿಳಿಯಬಾರದು. ಚಾಲಕರು ಇಂಜಿನ್ ಅನ್ನು ಹೋಗುವ ದಿಕ್ಕಿನ ತುದಿಯ ಬಳಿ ನಿಲ್ಲಿಸುತ್ತಾರೆ. 22 ಬೋಗಿ ಮತ್ತು ಇಂಜಿನ್ ಸೇರಿ ಸುಮಾರು 550 ಮೀಟರ್. ಪ್ಲಾಟ್‌ಫಾರ್ಮ್ 600 ಮೀಟರ್ ಇದ್ದರೆ ಬೆಳಗಿನ ರೈಲಿಗೂ ಸಂಜೆಯ ರೈಲಿಗೂ ಒಂದೇ ಬೋಗಿ ಒಂದರಿಂದ ಎರಡು ಬೋಗಿಯಷ್ಟು ಆಚೀಚೆ ನಿಲ್ಲುತ್ತದೆ. 16 ಬೋಗಿಯ ಚಿಕ್ಕ ರೈಲಾದರೆ ಈ ವ್ಯತ್ಯಾಸ 175 ಮೀಟರ್ ಹತ್ತಿರ ಹೋಗುತ್ತದೆ. ಚಿಕ್ಕ ರೈಲಿಗೆ ಬದಿಯ ಜೊತೆಗೆ ಇಂಜಿನ್ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಸಂಜೆ ಅವರು ಮಾಡಿದ ಒಂದು ಕೆಲಸ ಸರಿಯಾಗಿತ್ತು. ಎದುರಿಗೆ B4 ನಿಂತಿತ್ತು. ಅಕ್ಕನನ್ನು 216 ಮೀಟರ್ ಓಡಿಸುವ ಬದಲು ತಮ್ಮ ಅಲ್ಲೇ ಹತ್ತಿಸಿದ, ಬ್ಯಾಗ್ ಒಳಗಿಟ್ಟು ಇಳಿದ. ಅಕ್ಕ B3, B2, B1 ದಾಟಿ, ಸ್ಲೀಪರ್ ಕಡೆಯ ಬಾಗಿಲನ್ನು ಎಸಿ ಬೋಗಿಯ ಸಹಾಯಕರಿಂದ ತೆಗೆಸಿಕೊಂಡು, S9ರಿಂದ ಒಂದೊಂದಾಗಿ S4 ಮುಟ್ಟಿದರು. ಬ್ಯಾಗುಗಳನ್ನು ಎರಡು ಸರದಿಯಲ್ಲಿ ತಂದುಕೊಂಡರು. ತಡವಾಯಿತು, ಆದರೆ ರೈಲು ತಪ್ಪಲಿಲ್ಲ. ಹೀಗೆ ಹತ್ತುವಾಗ ಮುಂಗಡ ಸೀಟಿನ ಬೋಗಿಯನ್ನೇ ಆರಿಸಬೇಕು. ತುದಿಯ ಜನರಲ್ ಬೋಗಿಗೂ SLRಗೂ ಹತ್ತಿದರೆ ಅಲ್ಲಿಂದ ಒಳಗೊಳಗೇ ಮುಂದಿನ ಬೋಗಿಗೆ ಹೋಗಲು ದಾರಿ ಇರುತ್ತದೆ ಎಂದು ನಂಬುವಂತಿಲ್ಲ. ರಾತ್ರಿ ಹೊತ್ತಾದರೆ ಎಸಿಗೂ ಸ್ಲೀಪರಿಗೂ ನಡುವಿನ ಬಾಗಿಲು ಮುಚ್ಚಿಕೊಂಡಿರುವ ಸಂಭವ ಹೆಚ್ಚು. ಆಗ ಸ್ಲೀಪರ್ ಟಿಕೆಟಿನವರು ಹೇಗಾದರೂ ಸ್ಲೀಪರ್ ಬೋಗಿಗಳ ಸಾಲಿನೊಳಗೇ ಹತ್ತಲು ನೋಡಬೇಕು.

ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೋಗಿ ಹಿಡಿಯುವುದು

ಕೈಯಲ್ಲಿ ಯಾವ ಮಾಹಿತಿಯೂ ಇಲ್ಲದಿದ್ದರೆ, ಅಥವಾ ಇರುವ ಮಾಹಿತಿಯ ಮೇಲೆ ನಂಬಿಕೆ ಇಲ್ಲದಿದ್ದರೆ, ರೈಲು ನಿಲ್ಲುವ ಉದ್ದದ ಸರಿ ನಡುವೆ ನಿಲ್ಲಿ. ಕ್ರಮ ನೇರವಿರಲಿ ತಿರುಗಿರಲಿ, S4 ನಡುವಿನಿಂದ ನಾಲ್ಕೂವರೆ ಬೋಗಿ ದೂರದಲ್ಲೇ ಇರುತ್ತದೆ, ಅಂದರೆ 108 ಮೀಟರ್. ಬಿರುಸು ನಡಿಗೆಗೆ ಒಂದೂವರೆ ನಿಮಿಷ. ಎರಡು ನಿಮಿಷದ ನಿಲುಗಡೆಯೊಳಗೆ ಇದು ಕೂಡುತ್ತದೆ. ತಪ್ಪು ತುದಿಯ ಮೂರು ನಿಮಿಷ ಕೂಡುವುದಿಲ್ಲ.

ನಡುವೆ ನಿಲ್ಲುವುದಕ್ಕೆ ಇನ್ನೂ ದೊಡ್ಡ ಲಾಭ ಒಂದಿದೆ. ರೈಲು ನಿಧಾನವಾಗಿ ಒಳಗೆ ಬರುವಾಗ ಮುಂದಿನ ಅರ್ಧ ನಿಮ್ಮ ಕಣ್ಣೆದುರೇ ದಾಟುತ್ತದೆ. ಬಾಗಿಲ ಪಕ್ಕದ ಬೋಗಿ ಗುರುತನ್ನು ಓದುತ್ತಾ ಇರಿ. ಇಂಜಿನ್ ಮತ್ತು ಜನರಲ್ ದಾಟಿದ ಮೇಲೆ S1, S2 ಎಂದು ಬಂದರೆ ಕ್ರಮ ನೇರ. ನಿಮ್ಮ S4 ನಿಮ್ಮನ್ನು ದಾಟಿ ಮುಂದೆ ಹೋಗುತ್ತದೆ, ಅದರ ಹಿಂದೆಯೇ ಹೆಜ್ಜೆ ಹಾಕಿ. A2, A1, B5 ಎಂದು ಬಂದರೆ ಕ್ರಮ ತಿರುಗಿದೆ. ರೈಲು ನಿಲ್ಲುವ ಮೊದಲೇ ಹಿಂದಕ್ಕೆ, ರೈಲು ಬರುತ್ತಿರುವ ಕಡೆಗೆ ನಡೆಯಲು ಶುರು ಮಾಡಿ. ಹಾಗೆ ನಡೆದರೆ ಬೋಗಿ ನಿಮ್ಮ ಕಡೆ ಬರುತ್ತಿರುತ್ತದೆ, ನೀವು ಅದರ ಕಡೆ ಹೋಗುತ್ತಿರುತ್ತೀರಿ. ಮೊದಲ ನಾಲ್ಕು ಬೋಗಿ ದಾಟುವಷ್ಟರಲ್ಲಿ ತೀರ್ಮಾನ ಆಗಿಬಿಡುತ್ತದೆ. ಈ ಉಪಾಯಕ್ಕೆ ಮೊಬೈಲೂ ಬೇಡ, ಫಲಕವೂ ಬೇಡ. ಹಳದಿ ಗೆರೆಯಿಂದ ಹಿಂದೆ ನಿಂತೇ ಓದಬೇಕು. ಬಣ್ಣ ಹಾಕಿ ಬರೆದ ಐದಾರು ಅಂಕಿಯ ಉದ್ದ ಸಂಖ್ಯೆಯನ್ನು ನೋಡಬೇಡಿ, ಅದು ಬೋಗಿಯ ಸ್ವಂತ ನೋಂದಣಿ ಸಂಖ್ಯೆ. ಟಿಕೆಟಿನ S4, B2 ಇರುವುದು ಬಾಗಿಲ ಬಳಿಯ ಸಣ್ಣ ಫಲಕದಲ್ಲಿ ಅಥವಾ ಬೆಳಕಿನ ಪಟ್ಟಿಯಲ್ಲಿ.

ಪ್ಲಾಟ್‌ಫಾರ್ಮಿನ ಮೇಲೆ ಬೋಗಿ ತೋರಿಸುವ ಫಲಕಗಳಿದ್ದರೆ ರೈಲು ಬರುವ ಸ್ವಲ್ಪ ಮೊದಲು ಅವು ರೈಲು ಸಂಖ್ಯೆಯನ್ನೂ ಬೋಗಿಯ ಗುರುತನ್ನೂ ಒಂದಾದ ಮೇಲೊಂದು ತೋರಿಸುತ್ತವೆ. ಮೊದಲು ಸಂಖ್ಯೆ ನೋಡಿ. ಹಿಂದಿನ ರೈಲಿನದೇ ಇನ್ನೂ ಉರಿಯುತ್ತಿರಬಹುದು. ಫಲಕಕ್ಕೆ ಕ್ರಮ ತುಂಬುವುದು ನಿಲ್ದಾಣದಲ್ಲಿರುವ ಮನುಷ್ಯರೇ. ಕ್ರಮ ತಲೆಕೆಳಗಾಗಿ ಬಿದ್ದರೆ ಅದು ಪೂರ್ತಿ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ, ಒಂದೆರಡು ಬೋಗಿ ಮಾತ್ರ ತಪ್ಪಿರುವುದಿಲ್ಲ. ಆದ್ದರಿಂದ ನಿಮ್ಮ ಬೋಗಿಯ ಫಲಕ ಒಂದನ್ನೇ ನೋಡಿದರೆ ತಪ್ಪು ಹಿಡಿಯಲಾಗುವುದಿಲ್ಲ. ಸ್ಲೀಪರ್ ಸಾಲು ಮಂಗಳೂರು ಬದಿಯಲ್ಲಿ ಇದೆಯೇ ಎಂದು ನೋಡಿ. ಅದು ಹೊಸದುರ್ಗದ ಕಡೆ ತೋರಿಸುತ್ತಿದ್ದರೆ ಫಲಕ ತಪ್ಪಿದೆ, ಇಲ್ಲವೇ ಆ ದಿನದ ರೇಕೇ ತಿರುಗಿದೆ. ಎರಡರಲ್ಲಿ ಯಾವುದು ಎಂದು ರೈಲು ಬರುವವರೆಗೆ ಗೊತ್ತಾಗುವುದಿಲ್ಲ. ಅಂಥ ದಿನ ನಡುವೆ ನಿಲ್ಲುವುದೇ ದಾರಿ.

ಮೊಬೈಲಿನಲ್ಲಿ ರೈಲ್ವೆಯ NTES ಆ್ಯಪ್ ತೆರೆದು Coach Position ನೋಡುವಾಗ ಅದು ಯಾವ ನಿಲ್ದಾಣದ ಕ್ರಮ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ಪ್ರಕರಣದಲ್ಲಿ ತಮ್ಮ ತಪ್ಪಿದ್ದು ಇದರಲ್ಲೇ. ಹೊರಡುವ ನಿಲ್ದಾಣದ ಪಟ್ಟಿ ಮಾತ್ರ ಕೈಯಲ್ಲಿದ್ದರೆ, ಅಲ್ಲಿಗೂ ನಿಮ್ಮ ನಿಲ್ದಾಣಕ್ಕೂ ನಡುವೆ ಎಷ್ಟು ಸಲ ತಿರುಗುತ್ತದೆ ಎಂದು ನೋಡಿ. ಒಂದು ಸಲವಾದರೆ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದಬೇಕು, ಎರಡು ಸಲವಾದರೆ ಇದ್ದ ಹಾಗೆಯೇ. 16511ರ ಬೆಂಗಳೂರು ಪಟ್ಟಿ ಪುತ್ತೂರಿಗೆ ಸರಿ, ಕಾಸರಗೋಡಿಗೆ ತಲೆಕೆಳಗು. 16512ರ ಕಣ್ಣೂರು ಪಟ್ಟಿ ಕಾಸರಗೋಡಿಗೆ ಸರಿ, ಮಂಗಳೂರು ಜಂಕ್ಷನ್‌ಗೂ ಪುತ್ತೂರಿಗೂ ತಲೆಕೆಳಗು. ಸೆಂಟ್ರಲ್‌ನಲ್ಲಿ ಹತ್ತುವವರು ಇಂಜಿನ್ ಲೆಕ್ಕವನ್ನೇ ಬಿಟ್ಟುಬಿಡಬೇಕು. ಅವರು ಒಳಗೆ ಬರುವ ಹೊತ್ತಿಗೆ ಇಂಜಿನ್ ಒಂದು ತುದಿಯಲ್ಲಿರಬಹುದು, ಇನ್ನೊಂದು ತುದಿಯಲ್ಲಿರಬಹುದು, ಯಾವ ತುದಿಯಲ್ಲೂ ಇಲ್ಲದಿರಬಹುದು.

ಕಾಸರಗೋಡಿನಿಂದಲೇ ಹೊರಡುವ ತಿರುವನಂತಪುರದ ವಂದೇ ಭಾರತ್‌ಗೆ ಬೇರೆ ಇಂಜಿನ್ ಇಲ್ಲ, ಎರಡೂ ತುದಿಯಲ್ಲಿ ಚಾಲಕರ ಕೋಣೆ ಇದೆ. ಆದರೂ ಲೆಕ್ಕ ಇದೇ. ಬಂದಾಗ ಮುಂದಿದ್ದ ಬೋಗಿ ಹೊರಡುವಾಗ ಹಿಂದೆ, ನೆಲದ ಮೇಲೆ ಅದರ ಬದಿ ಮಾತ್ರ ಅದೇ.

ಬದಿಯ ಲೆಕ್ಕವೂ ತಪ್ಪುವ ದಿನ

ಮಂಗಳೂರು ಬದಿಯ ಗುರುತು ನಿಲ್ಲುವುದು ರೈಲು ಸೆಂಟ್ರಲ್ ಒಳಗೆ ಹೋಗಿ ಬರುವುದರ ಮೇಲೆ. ಕಾಮಗಾರಿಗಾಗಿಯೋ ಬೇರೆ ತೊಂದರೆಯಿಂದಲೋ ಒಂದು ದಿನ 16511 ಸೆಂಟ್ರಲ್ ಬಿಟ್ಟು ಜಂಕ್ಷನ್‌ನಿಂದ ನೇರವಾಗಿ ಸೇತುವೆ ಹತ್ತಿದರೆ ಏನಾಗುತ್ತದೆ ನೋಡಿ. ಇಂಜಿನ್ ತುದಿ ಬದಲಾಗುವುದಿಲ್ಲ, ಸ್ಲೀಪರ್ ತುದಿ ಮುಂದಾಗಿಯೇ ಕಾಸರಗೋಡಿಗೆ ಬರುತ್ತದೆ, ಹೊಸದುರ್ಗದ ಕಡೆ ನಿಲ್ಲುತ್ತದೆ. ಆ ದಿನ ಅಕ್ಕನ "ಇಂಜಿನ್‌ನಿಂದ ಏಳನೇದು" ಸರಿಯಾಗುತ್ತದೆ.

ತೊಂದರೆ ಆ ದಿನಕ್ಕೆ ಮುಗಿಯುವುದಿಲ್ಲ. ಅದೇ ರೇಕ್ ಸಂಜೆ ಎಸಿ ತುದಿ ಮುಂದಾಗಿ ಕಣ್ಣೂರು ಬಿಡುತ್ತದೆ, ಈ ಸಲ ಸೆಂಟ್ರಲ್‌ಗೆ ಹೋಗಿ ತಿರುಗುತ್ತದೆ, ಬೆಂಗಳೂರಿಗೆ ಸ್ಲೀಪರ್ ತುದಿ ಮುಂದಾಗಿ ತಲುಪುತ್ತದೆ. ಮುಂದಿನ ಸಲ ಬೆಂಗಳೂರಿನಿಂದ ಹೊರಡುವಾಗ ಎಸಿ ತುದಿ ಮುಂದೆ, S4 ಇಂಜಿನ್‌ನಿಂದ ಹದಿನಾರನೆಯದು. ಇನ್ನೊಮ್ಮೆ ಯಾವುದಾದರೂ ತ್ರಿಕೋನ ಹಳಿಯ ಮೇಲೆ ಹಾಯ್ದು ಮೊದಲಿನಂತೆ ಆಗುವವರೆಗೆ ಆ ರೇಕಿನ ಎಸಿ ತುದಿಯೇ ಮಂಗಳೂರನ್ನು ನೋಡುತ್ತಿರುತ್ತದೆ. ಇಂಜಿನ್ ತಿರುಗಿಸುವ ವೃತ್ತಾಕಾರದ ಮೇಜಿನ ಮೇಲೆ 22 ಬೋಗಿಯನ್ನು ತಿರುಗಿಸಲಾಗುವುದಿಲ್ಲ.

ರಾತ್ರಿ ಹೋಗಿ ಮಾರನೇ ಸಂಜೆ ಮರಳುವ ಇಂಥ ದಿನನಿತ್ಯದ ರೈಲಿಗೆ ಒಂದು ರೇಕ್ ಸಾಲದು, ಕನಿಷ್ಠ ಎರಡು ಬೇಕು. ಒಂದು ತಿರುಗಿ ಇನ್ನೊಂದು ನೇರವಾಗಿದ್ದರೆ ಕಾಸರಗೋಡಿನಲ್ಲಿ ಒಂದು ದಿನ ಸ್ಲೀಪರ್ ಕುಂಬಳೆ ಕಡೆ, ಮರುದಿನ ಹೊಸದುರ್ಗದ ಕಡೆ. ನಿನ್ನೆ ಬಂದವರನ್ನು ಕೇಳಿ ನಿಂತರೆ ತಪ್ಪಾಗುವುದು, ಮೊನ್ನೆ ಬಂದವರನ್ನು ಕೇಳಿದರೆ ಸರಿಯಾಗುವುದು ಹೀಗೆ. ಅಂಥ ವಾರದಲ್ಲಿ ಕೇಳಬೇಕಾದವರು ಆ ರೈಲಿನಲ್ಲೇ ಇರುವ ಅಕ್ಕ. ಕೇಳಬೇಕಾದ ಹೊತ್ತು ರೈಲು ಮಂಜೇಶ್ವರ ದಾಟಿದ ಮೇಲೆ: "ಅಕ್ಕಾ, ಎದ್ದು ಹೋಗುವುದು ಬೇಡ. ಕೂತಲ್ಲಿಂದಲೇ ಹೇಳು, S5 ನಿನ್ನ ಬೋಗಿಯಿಂದ ರೈಲು ಹೋಗುವ ಕಡೆಗೆ ಉಂಟಾ, ಹಿಂದಿನ ಕಡೆಗಾ?" ಹೋಗುವ ಕಡೆಗೆ ಎಂದರೆ S4 ಹದಿನಾರನೆಯದು, ಹಿಂದಿನ ಕಡೆಗೆ ಎಂದರೆ ಏಳನೆಯದು.